ಪೆಟ್ರೋಲ್ ವಾಸನೆ, ಸುಟ್ಟ ಫ್ಯೂಸ್: ಕಾರಿಗೆ ಬೆಂಕಿ ಹತ್ತುವ ಮೊದಲು ಏನಾಗುತ್ತದೆ?

"ಓಡುತ್ತಿದ್ದ ಕಾರಿಗೆ ಬೆಂಕಿ" ಎಂಬ ಸುದ್ದಿ ಕಾಸರಗೋಡು ಕಡೆಯ ಓದುಗರಿಗೆ ಹೊಸದಲ್ಲ. ಆ ಸುದ್ದಿಯ ಕೊನೆಯ ಸಾಲೂ ಹೊಸದಲ್ಲ: "ಶಾರ್ಟ್ ಸರ್ಕ್ಯೂಟ್ ಕಾರಣ ಎಂದು ಶಂಕಿಸಲಾಗಿದೆ." ಅಷ್ಟಕ್ಕೆ ಪತ್ರಿಕೆ ಸುಮ್ಮನಾಗುತ್ತದೆ, ವಾಟ್ಸಾಪ್ ಗುಂಪು ಶುರುವಾಗುತ್ತದೆ. ಪೆಟ್ರೋಲ್ ಪೈಪನ್ನು ಹುಳ ಕೊರೆದಿದೆ ಎನ್ನುತ್ತಾರೆ ಒಬ್ಬರು. ಎಥನಾಲ್ ಬೆರೆಸಿದ್ದೇ ತಪ್ಪು ಎನ್ನುತ್ತಾರೆ ಇನ್ನೊಬ್ಬರು. ಲೈಟು, ಕ್ಯಾಮೆರಾ ಅಂತ ಸಿಕ್ಕಿದ್ದನ್ನೆಲ್ಲ ಹಾಕಿಸಿದರೆ ಹೀಗೇ ಆಗೋದು ಎನ್ನುತ್ತಾರೆ ಮತ್ತೊಬ್ಬರು. ಬಿಸಿಲನ್ನು ಬೈಯುವವರೂ ಇದ್ದಾರೆ.

ಈ ಗೊಂದಲ ಜೋರಾದದ್ದು 2023ರ ಫೆಬ್ರವರಿಯಲ್ಲಿ. ಪಕ್ಕದ ಕಣ್ಣೂರಿನಲ್ಲಿ ಹೆರಿಗೆಗೆಂದು ಹೊರಟಿದ್ದ ಕಾರು ಜಿಲ್ಲಾ ಆಸ್ಪತ್ರೆಯ ಹತ್ತಿರವೇ ಹೊತ್ತಿ ಉರಿಯಿತು. ಮುಂದಿನ ಸೀಟಿನಲ್ಲಿದ್ದ ಗರ್ಭಿಣಿ ಮತ್ತು ಅವರ ಪತಿ ತೀರಿಕೊಂಡರು. ಹಿಂದೆ ಕೂತವರು ಹೊರಬಂದರು. ಮೊದಲು ಶಾರ್ಟ್ ಸರ್ಕ್ಯೂಟ್ ಎಂಬ ಮಾತು ಬಂತು. ಆಮೇಲೆ ಕಾರಿನೊಳಗಿದ್ದ ಬಾಟಲಿಯಲ್ಲಿ ಇದ್ದದ್ದು ಪೆಟ್ರೋಲೋ ನೀರೋ ಎಂಬ ಚರ್ಚೆ ನಡೆಯಿತು. ಆಸ್ಪತ್ರೆ ಅಷ್ಟು ಹತ್ತಿರ ಇದ್ದೂ ಜೀವ ಉಳಿಯಲಿಲ್ಲ ಎಂಬುದು ಇಡೀ ಉತ್ತರ ಕೇರಳವನ್ನು ಅಲುಗಾಡಿಸಿತು.

ಈ ವಾದಗಳಲ್ಲಿ ಯಾವುದು ಎಷ್ಟು ಸರಿ? ಉತ್ತರ ಬೇಕಾದರೆ ಬಾನೆಟ್ ಅಡಿಯಲ್ಲಿ ನಿಜವಾಗಿ ಏನಾಗುತ್ತದೆ ಎಂದು ಸ್ವಲ್ಪ ನಿಧಾನವಾಗಿ ನೋಡಬೇಕು.

ಸೋರಿದ ಮಾತ್ರಕ್ಕೆ ಉರಿಯುವುದಿಲ್ಲ

ಪೆಟ್ರೋಲ್ ದ್ರವ ಉರಿಯುವುದಿಲ್ಲ, ಅದರ ಆವಿ ಉರಿಯುತ್ತದೆ. ಆವಿ ಏಳಲು ಬಿಸಿಲೇನೂ ಬೇಡ. ಸೊನ್ನೆಗಿಂತ 40 ಡಿಗ್ರಿ ಕೆಳಗೂ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಪೆಟ್ರೋಲಿನಿಂದ ಏಳುತ್ತದೆ. ಹಾಗಾಗಿ ಕಾಸರಗೋಡಿನ ಏಪ್ರಿಲ್ ಬಿಸಿಲೂ ಜುಲೈ ಮಳೆಯೂ ಈ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಮಾಡುವುದಿಲ್ಲ. ಬಿಸಿಲಿಗೆ ನಿಲ್ಲಿಸಿದ ಕಾರು ತಾನಾಗಿಯೇ ಹೊತ್ತಿಕೊಳ್ಳುತ್ತದೆ ಎಂಬ ಮಾತಿಗೆ ಆಧಾರ ಕಡಿಮೆ.

ಬೇಕಾದದ್ದು ಎರಡು. ಆವಿ ಗಾಳಿಯ ಜೊತೆ ಸರಿಯಾದ ಪ್ರಮಾಣದಲ್ಲಿ ಬೆರೆಯಬೇಕು. ಗಾಳಿಯಲ್ಲಿ ಹೆಚ್ಚುಕಡಿಮೆ ನೂರಕ್ಕೆ ಒಂದೂವರೆಯಿಂದ ಏಳೂವರೆ ಭಾಗ ಪೆಟ್ರೋಲ್ ಆವಿ ಇದ್ದಾಗ ಮಾತ್ರ ಅದು ಉರಿಯುತ್ತದೆ. ಎರಡನೆಯದು, ಅದಕ್ಕೊಂದು ಕಿಡಿಯೋ ಕೆಂಡದಂಥ ಬಿಸಿಯೋ ಸಿಗಬೇಕು. ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳುವ ಉಷ್ಣತೆ ಪ್ರಯೋಗಾಲಯದ ಲೆಕ್ಕದಲ್ಲಿ 250ರಿಂದ 280 ಡಿಗ್ರಿ. ಆದರೆ ಗಾಳಿ ಓಡಾಡುವ ಬಾನೆಟ್ ಅಡಿಯಲ್ಲಿ, ತೆರೆದ ಲೋಹದ ಮೇಲೆ ಬಿದ್ದ ಪೆಟ್ರೋಲ್ ಅಷ್ಟಕ್ಕೆ ಹೊತ್ತುವುದಿಲ್ಲ. ಆವಿ ಎದ್ದು ಗಾಳಿಯಲ್ಲಿ ಚದುರಿ ಹೋಗುತ್ತದೆ. ಹೊತ್ತಬೇಕಾದರೆ ಲೋಹ ಅದಕ್ಕಿಂತ ತುಂಬಾ ಜಾಸ್ತಿ ಬಿಸಿಯಾಗಿರಬೇಕು.

ಅಂಥ ಜಾಗ ಕಾರಿನಲ್ಲಿ ಇದೆಯೇ? ಇದೆ. ಎಂಜಿನ್ನಿನಿಂದ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತು ಅದಕ್ಕೆ ಅಂಟಿಕೊಂಡ ಕ್ಯಾಟಲಿಟಿಕ್ ಕನ್ವರ್ಟರ್. ಏರು ದಾರಿಯಲ್ಲಿ ಎಳೆದ ಕಾರಿನಲ್ಲಿ ಇವು 500–600 ಡಿಗ್ರಿ ಮುಟ್ಟುವುದು ಮಾಮೂಲು. ಕಿಡಿಯೂ ಬೇಕಾದಷ್ಟಿದೆ: ಡೈನಮೋ, ಸ್ಟಾರ್ಟರ್, ಸಡಿಲಾದ ವಯರು.

ಇಲ್ಲಿ ಒಂದು ಸೂಕ್ಷ್ಮ ಇದೆ. ಕಾರು ಓಡುತ್ತಿರುವಾಗ ಮುಂದಿನಿಂದ ಬರುವ ಗಾಳಿ ಆವಿಯನ್ನು ಹೊಡೆದುಕೊಂಡು ಹೋಗುತ್ತದೆ, ಲೋಹವನ್ನೂ ತಣಿಸುತ್ತದೆ. ಕಾರು ನಿಂತ ಕೂಡಲೇ ಎರಡೂ ನಿಂತುಹೋಗುತ್ತವೆ. ಆವಿ ಅಲ್ಲೇ ಕಟ್ಟಿಕೊಳ್ಳುತ್ತದೆ, ಬಾನೆಟ್ ಅಡಿಯ ಬಿಸಿ ಕೆಲ ನಿಮಿಷ ಇನ್ನೂ ಏರುತ್ತದೆ. ಅದಕ್ಕೇ ಬೆಂಕಿ ಎಷ್ಟೋ ಸಲ ಕಾಣಿಸಿಕೊಳ್ಳುವುದು ಸಿಗ್ನಲ್ಲಿನಲ್ಲಿ, ಹೆದ್ದಾರಿ ಕಾಮಗಾರಿಯ ಬ್ಲಾಕಿನಲ್ಲಿ, ಇಲ್ಲವೇ ಮನೆಯಂಗಳಕ್ಕೆ ಬಂದು ನಿಲ್ಲಿಸಿದ ಐದು ನಿಮಿಷಕ್ಕೆ.

ಡೀಸೆಲ್ ಕಾರಿನವರು ಇದು ನಮಗಲ್ಲ ಎಂದುಕೊಳ್ಳಬಾರದು. ಡೀಸೆಲ್ ಆವಿ ಸುಲಭಕ್ಕೆ ಏಳುವುದಿಲ್ಲ ನಿಜ, ಆದರೆ ಅದು ತಾನಾಗಿ ಹೊತ್ತಿಕೊಳ್ಳುವ ಉಷ್ಣತೆ ಪೆಟ್ರೋಲಿಗಿಂತ ಕಡಿಮೆ. ಕಾದ ಟರ್ಬೋ ಮೇಲೆ ಡೀಸೆಲ್ ಚಿಮ್ಮಿದರೆ ಕಿಡಿಯೇ ಬೇಡ.

ಹುಳದ ವಾದ: ನಂಬಲಾಗದಿದ್ದರೂ ಸುಳ್ಳಲ್ಲ

ಮರ ಕೊರೆಯುವ ಚಿಕ್ಕ ದುಂಬಿಗಳ ಒಂದು ಗುಂಪಿಗೆ ಆಂಬ್ರೋಸಿಯಾ ದುಂಬಿ ಎನ್ನುತ್ತಾರೆ. ಹೆಚ್ಚಿನವು ಎರಡರಿಂದ ನಾಲ್ಕು ಮಿಲಿಮೀಟರ್ ಉದ್ದ. ಇವು ಮರ ತಿನ್ನುವುದಿಲ್ಲ. ಕೊರೆದು, ಒಳಗೆ ಒಂದು ಬಗೆಯ ಶಿಲೀಂಧ್ರ ಬೆಳೆಸಿ, ಅದನ್ನು ತಿನ್ನುತ್ತವೆ. ಸೊರಗಿದ ಮರವೇ ಇವುಗಳಿಗೆ ಇಷ್ಟ. ಮರ ಸೊರಗಿದೆ ಎಂದು ಗೊತ್ತಾಗುವುದು ಹೇಗೆ? ನೀರು ನಿಂತೋ ರೋಗ ಬಂದೋ ಬಳಲಿದ ಮರದಿಂದ ಎಥನಾಲ್ ಹೊರಬರುತ್ತದೆ. ಆ ವಾಸನೆ ಹಿಡಿದು ಹುಳ ಬರುತ್ತದೆ. ಕೀಟ ವಿಜ್ಞಾನಿಗಳು ಈ ದುಂಬಿಗಳನ್ನು ಹಿಡಿಯಲು ಬಲೆಯಲ್ಲಿ ಇಡುವುದೂ ಎಥನಾಲನ್ನೇ.

ಈಗ ಪೆಟ್ರೋಲಿನಲ್ಲೂ ಎಥನಾಲ್ ಇದೆ. 2022ರಲ್ಲಿ ದೇಶದಲ್ಲಿ ಬೆರಕೆ ಶೇಕಡಾ 10 ಮುಟ್ಟಿತು, 2025ರಲ್ಲಿ ಶೇಕಡಾ 20. ಪೆಟ್ರೋಲ್ ಹರಿಯುವ ರಬ್ಬರ್ ಹೋಸ್‌ನಿಂದ ಎಥನಾಲ್ ತುಸು ತುಸುವಾಗಿ ಹೊರಗೆ ಜಿನುಗುತ್ತದೆ. ಹುಳಕ್ಕೆ ಅದು ಸೊರಗಿದ ಕೊಂಬೆಯ ಹಾಗೆ. ಕೊರೆಯುತ್ತದೆ. ಕೇರಳದ ಗ್ಯಾರೇಜುಗಳಲ್ಲಿ ಸೂಜಿಯಲ್ಲಿ ಚುಚ್ಚಿದಂಥ ತೂತಿರುವ ಹೋಸ್‌ಗಳು ಸಿಗುತ್ತಿರುವುದು ಹೌದು. ಕೀಟದಿಂದಾಗುವ ಸೋರಿಕೆಯ ಬಗ್ಗೆ ರಾಜ್ಯದ ಮೋಟಾರು ವಾಹನ ಇಲಾಖೆ ಜನರಿಂದ ಮಾಹಿತಿ ಕೇಳಿದ್ದೂ ಹೌದು.

ನಮ್ಮ ಕಡೆಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಬದಿಯಡ್ಕ, ಮುಳ್ಳೇರಿಯ, ಪೆರ್ಲದ ಮನೆಗಳಲ್ಲಿ ಕಾರು ನಿಲ್ಲುವುದು ತೋಟದ ಅಂಚಿನ ಶೆಡ್ಡಿನಲ್ಲಿ. ಪಕ್ಕದಲ್ಲೇ ಸೌದೆ ರಾಶಿ, ಕಡಿದ ಗೇರು ಮರ, ಬಿದ್ದ ಅಡಿಕೆ ಮರ. ಮರ ಕೊರೆಯುವ ಹುಳಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ಆದರೆ ತೂತಿನ ಗಾತ್ರ ನೋಡಿ "ಇಷ್ಟು ಚಿಕ್ಕದರಿಂದ ಏನಾಗುತ್ತದೆ" ಎನ್ನುವವರು ಒಂದು ಮರೆಯುತ್ತಾರೆ. ಹಳೆಯ ಕಾರ್ಬ್ಯುರೇಟರ್ ಬೈಕಿನ ಹೋಸ್‌ನಲ್ಲಿ ಪೆಟ್ರೋಲ್ ತನ್ನ ಭಾರಕ್ಕೆ ಇಳಿಯುತ್ತಿತ್ತು. ತೂತಾದರೆ ಹನಿ ಹನಿ ತೊಟ್ಟಿಕ್ಕುತ್ತಿತ್ತು. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಟ್ಯಾಂಕಿನೊಳಗಿನ ಪಂಪು ಪೆಟ್ರೋಲನ್ನು ಸುಮಾರು 3 ಬಾರ್ ಒತ್ತಡದಲ್ಲಿ ತಳ್ಳುತ್ತದೆ. ಗಾಳಿ ತುಂಬಿಸುವ ಲೆಕ್ಕದಲ್ಲಿ ಹೇಳುವುದಾದರೆ 43 ಪಾಯಿಂಟ್. ಕಾರಿನ ಟಯರಿಗೆ ನಾವು ಹಾಕಿಸುವುದು 30ರಿಂದ 33. ಆ ಒತ್ತಡದಲ್ಲಿ ಸೂಜಿ ತೂತಿನಿಂದ ಬರುವುದು ಹನಿಯಲ್ಲ, ಸಣ್ಣ ಎಳೆಯಾಗಿ ಚಿಮ್ಮುವ ಸಿಂಪಡಣೆ. ಅದು ದ್ರವಕ್ಕಿಂತ ಎಷ್ಟೋ ಬೇಗ ಆವಿಯಾಗುತ್ತದೆ. 2020ರ ಏಪ್ರಿಲ್‌ನಲ್ಲಿ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂದ ಮೇಲೆ ಹೊಸ ಸ್ಕೂಟರುಗಳೂ ಹೆಚ್ಚುಕಡಿಮೆ ಎಲ್ಲವೂ ಇಂಜೆಕ್ಷನ್‌ಗೆ ಬಂದಿವೆ, ಅವುಗಳಲ್ಲೂ ಇದೇ ಕತೆ.

ಹುಳದ ವಾದಕ್ಕೆ ಮಿತಿಯೂ ಇದೆ. ಸುಟ್ಟ ಕಾರಿನಲ್ಲಿ ಹೋಸ್ ಉಳಿಯುವುದಿಲ್ಲ, ತೂತೂ ಉಳಿಯುವುದಿಲ್ಲ. ಹಾಗಾಗಿ "ಈ ಬೆಂಕಿಗೆ ಹುಳವೇ ಕಾರಣ" ಎಂದು ಒಂದು ನಿರ್ದಿಷ್ಟ ಕಾರಿನ ಬಗ್ಗೆ ಆಮೇಲೆ ಸಾಬೀತು ಮಾಡುವುದು ಬಹಳ ಕಷ್ಟ. ಸಿಕ್ಕ ತೂತುಗಳೆಲ್ಲ ಸುಡದ ಕಾರಿನವು. ಅವು ಸೋರಿಕೆಗೆ ಸಾಕ್ಷಿ, ಬೆಂಕಿಗೆ ಅಲ್ಲ.

ಎಥನಾಲ್ ಹೋಸನ್ನು ಹಾಳು ಮಾಡುತ್ತದೆಯೇ?

ಹುಳ ಇಲ್ಲದೆಯೂ ಎಥನಾಲ್ ಕೆಲವು ಬಗೆಯ ಹಳೆಯ ರಬ್ಬರನ್ನು ಊದಿಸುತ್ತದೆ, ಆಮೇಲೆ ಗಡುಸಾಗಿಸಿ ಬಿರುಕು ಬಿಡಿಸುತ್ತದೆ. ಕಾರು ಕಂಪನಿಗಳು ಇ20ಕ್ಕೆ, ಅಂದರೆ ಶೇಕಡಾ 20 ಎಥನಾಲ್ ಇರುವ ಪೆಟ್ರೋಲಿಗೆ, ತಕ್ಕ ಸಾಮಾನು ಹಾಕಿ ಗಾಡಿ ಮಾರಲು ಶುರುಮಾಡಿದ್ದು ಮುಖ್ಯವಾಗಿ 2023ರಿಂದ. ಹಳೆಯ ಕೆಲವು ಗಾಡಿಗಳಲ್ಲಿ 20–30 ಸಾವಿರ ಕಿಲೋಮೀಟರ್ ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿತು. ಅದು ಅಗ್ಗದ, ಮಾಮೂಲಿ ಕೆಲಸ ಎಂಬುದು ಸಚಿವಾಲಯದ ನಿಲುವು. ಎಥನಾಲ್ ವಿರೋಧಿಗಳು ಇದೇ ಮಾತನ್ನು ತಪ್ಪೊಪ್ಪಿಗೆಯಂತೆ ಓದುತ್ತಾರೆ. ಎರಡೂ ಕಡೆಯವರ ಮಾತಿನಿಂದ ಮಾಲೀಕನಿಗೆ ಸಿಗುವ ಕೆಲಸ ಒಂದೇ: 2023ಕ್ಕಿಂತ ಹಳೆಯ ಪೆಟ್ರೋಲ್ ಗಾಡಿಯಾದರೆ ಹೋಸ್ ಬದಲಿಸಿ ಎಷ್ಟು ವರ್ಷವಾಯಿತು ಎಂದು ನೋಡುವುದು.

ಅಂದಹಾಗೆ, ತಲಪಾಡಿ ದಾಟಿ ಕರ್ನಾಟಕದ ಬಂಕಿನಲ್ಲಿ ಅಗ್ಗಕ್ಕೆ ಪೆಟ್ರೋಲ್ ಹಾಕಿಸಿದರೆ ಈ ವಿಷಯದಲ್ಲಿ ಏನೂ ಬದಲಾಗುವುದಿಲ್ಲ. ಅಲ್ಲೂ ಅದೇ ಬೆರಕೆ. ಆದರೆ ಅಲ್ಲಿಂದ ಕ್ಯಾನಿನಲ್ಲಿ ತುಂಬಿಸಿ ಡಿಕ್ಕಿಯಲ್ಲಿ ತರುವ ಅಭ್ಯಾಸವಿದೆಯಲ್ಲ, ಅದು ಮಾತ್ರ ಅಪಾಯ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮುಚ್ಚಳದಿಂದ ತಪ್ಪಿಸಿಕೊಂಡು ಕಾರಿನ ನೆಲದಲ್ಲೇ ಹರಡಿ ಕೂರುತ್ತದೆ.

ವಯರಿನ ವಾದ: ಒಂದು ಲೈಟಿನ ಲೆಕ್ಕ

ಮೋಟಾರು ವಾಹನ ಇಲಾಖೆಯವರು ಹೆಚ್ಚಾಗಿ ಬೆರಳು ತೋರಿಸುವುದು ಹೊರಗೆ ಹಾಕಿಸಿದ ಫಿಟಿಂಗುಗಳ ಕಡೆಗೆ. ಅಂಗಡಿಯವರು ಒಪ್ಪುವುದಿಲ್ಲ. "ಸಾವಿರಾರು ಕಾರಿಗೆ ಹಾಕಿದ್ದೇವೆ, ಎಲ್ಲಿ ಉರಿದಿದೆ?" ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವೇ. ಉತ್ತರಕ್ಕೆ ಒಂದು ಉದಾಹರಣೆ ಬಿಡಿಸಿ ನೋಡೋಣ.

2016ರ ಒಂದು ಪೆಟ್ರೋಲ್ ಕಾರು ಎಂದು ಇಟ್ಟುಕೊಳ್ಳಿ. ಮಾಲೀಕರ ಮನೆ ಪೆರ್ಲ, ಅಂಗಡಿ ಕಾಸರಗೋಡು. ರಾತ್ರಿ ಚೆರ್ಕಳ, ಬದಿಯಡ್ಕ ದಾರಿಯಾಗಿ ವಾಪಸು ಬರುವಾಗ ಬೆಳಕು ಸಾಲದು. ಕಂಪನಿ ಕೊಟ್ಟದ್ದು 60/55 ವ್ಯಾಟಿನ ಬಲ್ಬು, ಅಂದರೆ ಡಿಮ್‌ನಲ್ಲಿ 55 ವ್ಯಾಟ್. ಅದನ್ನು ತೆಗೆಸಿ ಡಿಮ್‌ನಲ್ಲೇ 100 ವ್ಯಾಟ್ ಎಳೆಯುವ ಬಲ್ಬು ಹಾಕಿಸಿದರು. ವಯರು ಹಳೆಯದೇ. ಕಂಪನಿಯ ಕಪ್ಲರ್ ಹೊಂದದೆ ಒಂದು ಕಡೆ ವಯರು ಕತ್ತರಿಸಿ, ತಿರುವಿ, ಕಪ್ಪು ಟೇಪು ಸುತ್ತಿದರು. ಇದು ನಮ್ಮ ಊರಿನ ಯಾವ ಕಾರಿನಲ್ಲೂ ಕಾಣಬಹುದಾದ ಜಾಯಿಂಟು.

55 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಎಳೆಯುವುದು ಸುಮಾರು ನಾಲ್ಕೂವರೆ ಆಂಪಿಯರ್. 100 ವ್ಯಾಟಿನದ್ದು ಎಂಟು ಆಂಪಿಯರ್‌ಗಿಂತ ಸ್ವಲ್ಪ ಜಾಸ್ತಿ. ಬಿಸಿ ಏರುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಮೊದಲ ದಿನ ಜಾಯಿಂಟು ಬಿಗಿಯಾಗಿಯೇ ಇರುತ್ತದೆ. ಕಾರಿನ ಅದುರುವಿಕೆಗೆ ತಿರುವು ಸಡಿಲಾಗುತ್ತದೆ. ಎರಡು ಮಳೆಗಾಲ ಕಳೆದಾಗ, ಅದೂ ಕರಾವಳಿಯ ಉಪ್ಪು ಗಾಳಿಗೆ, ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಆ ಜಾಯಿಂಟಿನ ತಡೆ ಬರೀ 0.2 ಓಮ್ ಆಯಿತು ಎನ್ನೋಣ. ಹಳೆಯ ಬಲ್ಬೇ ಇದ್ದಿದ್ದರೆ ಅಲ್ಲಿ ಮೂರೂವರೆ ವ್ಯಾಟಿನಷ್ಟು ಬಿಸಿ ಹುಟ್ಟುತ್ತಿತ್ತು. ಹೊಸ ಬಲ್ಬಿಗೆ ಹತ್ತು ವ್ಯಾಟ್ ದಾಟುತ್ತದೆ.

ಹತ್ತು ವ್ಯಾಟ್ ಎಂದರೆ ಕೇಳಲು ಏನೂ ಅಲ್ಲ. ಆದರೆ ಜಾಯಿಂಟಿನ ಗಾತ್ರ ಬಟಾಣಿ ಕಾಳಿನಷ್ಟು, ಮೇಲೆ ಬೆಚ್ಚಗೆ ಟೇಪು ಸುತ್ತಿದೆ. ರೇಡಿಯೋ ರಿಪೇರಿಯವರ ಸೀಸ ಕರಗಿಸುವ ಸೋಲ್ಡರಿಂಗ್ ಕಡ್ಡಿ 25 ವ್ಯಾಟ್. ವಯರಿನ ಪ್ಲಾಸ್ಟಿಕ್ ಹೊದಿಕೆ ನೂರು ಡಿಗ್ರಿ ದಾಟಿದರೆ ಮೆತ್ತಗಾಗತೊಡಗುತ್ತದೆ. ಮೆತ್ತಗಾದ ವಯರು ಪಕ್ಕದ ವಯರಿಗೋ ಬಾಡಿಯ ತಗಡಿಗೋ ತಾಗಿದಾಗ ಹುಟ್ಟುವುದೇ ಪತ್ರಿಕೆಯವರು ಬರೆಯುವ ಶಾರ್ಟ್ ಸರ್ಕ್ಯೂಟ್. ಅಂದರೆ ಶಾರ್ಟ್ ಸರ್ಕ್ಯೂಟ್ ಕತೆಯ ಕೊನೆ. ಶುರುವಾದದ್ದು ಕತ್ತರಿ ಮತ್ತು ಟೇಪಿನಿಂದ.

ಫ್ಯೂಸ್ ಏನು ಮಾಡುತ್ತಿತ್ತು?

ಫ್ಯೂಸ್ ಇದೆಯಲ್ಲ, ಅದು ಕಾಪಾಡಬೇಕಲ್ವಾ? ಮೇಲಿನ ಉದಾಹರಣೆಯಲ್ಲಿ ಕಾಪಾಡುವುದಿಲ್ಲ. ಫ್ಯೂಸ್ ನೋಡುವುದು ಕರೆಂಟನ್ನು ಮಾತ್ರ. ಸಡಿಲ ಜಾಯಿಂಟಿನಲ್ಲಿ ಕರೆಂಟು ಏರುವುದಿಲ್ಲ, ಸ್ವಲ್ಪ ಇಳಿಯುತ್ತದೆ. ಎಂಟು ಆಂಪಿಯರ್‌ಗಿಂತ ಕಡಿಮೆ ಹರಿಯುವ ದಾರಿಯಲ್ಲಿ 10 ಆಂಪಿಯರ್‌ನ ಕೆಂಪು ಫ್ಯೂಸ್ ಯಾಕೆ ಹೋಗುತ್ತದೆ? ಜಾಯಿಂಟು ಕರಗುತ್ತಿದ್ದರೂ ಫ್ಯೂಸ್ ಪಾಲಿಗೆ ಎಲ್ಲವೂ ಸರಿ ಇದೆ. ಸಾವಿರ ಕಾರಿನಲ್ಲಿ ಏನೂ ಆಗದೆ ಒಂದರಲ್ಲಿ ಆಗುವುದು ಇದೇ ಕಾರಣಕ್ಕೆ. ಕೆಡುವುದು ಸಾಮಾನಲ್ಲ, ಜಾಯಿಂಟು. ಅದೂ ವರ್ಷಗಳ ಮೇಲೆ.

ಹೊದಿಕೆ ಕರಗಿ ವಯರು ತಗಡಿಗೆ ತಾಗಿದಾಗ ಕರೆಂಟು ಒಮ್ಮೆಲೇ ಏರುತ್ತದೆ. ಆಗ ಫ್ಯೂಸ್ ಹೋಗುತ್ತದೆ. ಇದು ಕಾರು ಕೊಡುವ ಸ್ಪಷ್ಟ ಸೂಚನೆ. ಇದಕ್ಕೆ ದಾರಿ ಬದಿಯ ಔಷಧ ಗೊತ್ತಲ್ಲ: 10ರದ್ದು ನಿಲ್ಲುತ್ತಿಲ್ಲ ಎಂದು 20ರ ಹಳದಿ ಫ್ಯೂಸ್, ಅದೂ ನಿಲ್ಲದಿದ್ದರೆ 30ರ ಹಸಿರು. ಫ್ಯೂಸ್ ಇರುವುದು ವಯರನ್ನು ಕಾಯಲು. ಹತ್ತಕ್ಕೆ ಮಾಡಿದ ವಯರಿಗೆ ಮೂವತ್ತರ ಫ್ಯೂಸ್ ಹಾಕಿದರೆ ಮೊದಲು ಉರಿಯುವುದು ವಯರು.

ಇದಕ್ಕಿಂತ ಕೆಟ್ಟದ್ದು, ಫ್ಯೂಸೇ ಇಲ್ಲದೆ ಬ್ಯಾಟರಿಯಿಂದ ನೇರ ಎಳೆದ ವಯರು. ಫಾಗ್ ಲೈಟು, ಆಂಪ್ಲಿಫೈಯರ್, ಜೋರು ಹಾರನ್‌ಗೆ ಹೀಗೆ ಎಳೆಯುವುದುಂಟು. ಕೀಲಿ ತೆಗೆದರೂ ಆ ವಯರಿನಲ್ಲಿ ವಿದ್ಯುತ್ ಇರುತ್ತದೆ. ರಾತ್ರಿ ಶೆಡ್ಡಿನಲ್ಲಿ ನಿಂತ ಕಾರು ಉರಿಯುವುದು ಹೀಗೆ. ನೇರ ಎಳೆಯಲೇಬೇಕಾದರೆ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಬೇಕು, ಲೈಟಿಗೆ ರಿಲೇ ಇರಬೇಕು.

ಇಲಿಯನ್ನೂ ಇಲ್ಲೇ ಸೇರಿಸಬೇಕು. ಇಲಿ ವಯರಿನ ಹೊದಿಕೆ ಕಡಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಜನ ಗಮನಿಸದ್ದು ಅದರ ಗೂಡು. ತೆಂಗಿನ ನಾರು, ಅಡಿಕೆ ಸಿಪ್ಪೆ, ಒಣ ಎಲೆ ತಂದು ಎಂಜಿನ್ನಿನ ಬೆಚ್ಚಗಿನ ಸಂದಿಯಲ್ಲಿ ತುರುಕುತ್ತದೆ. ಪೆಟ್ರೋಲ್ ಇಲ್ಲದೆಯೂ ಉರಿಯುವ ಸಾಮಾನು ಅದು. ಅಡಿಕೆ ಸುಲಿಯುವ ದಿನಗಳಲ್ಲಿ ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿದರೆ ಸಾಕು.

ಹಾಗಾದರೆ ಯಾರ ಮಾತು ಸರಿ?

ಸೋರಿದ ಪೆಟ್ರೋಲಿಗೆ ಕಿಡಿ ಬೇಕು, ಕಿಡಿಗೆ ಉರಿಯುವ ಸಾಮಾನು ಬೇಕು. ಹುಳವೋ ವಯರೋ ಎಂಬ ಜಗಳದಲ್ಲಿ ಇಬ್ಬರೂ ಅರ್ಧರ್ಧ ಸರಿ ಇರಬಹುದು. ಅದೇ ಪೆರ್ಲದ ಕಾರಿನಲ್ಲಿ ಹೋಸ್‌ಗೂ ತೂತಾಗಿದ್ದರೆ ಸುಡುವ ಜಾಯಿಂಟಿನ ಕಿಡಿಯೇ ಸಾಕು. ಬೇರೆ ಬೇರೆಯಾಗಿ ಎರಡೂ ತಿಂಗಳುಗಟ್ಟಲೆ ಸುಮ್ಮನಿರುತ್ತಿದ್ದವೋ ಏನೋ.

ನನ್ನ ಅಭಿಪ್ರಾಯ ಕೇಳಿದರೆ, ಕಾರಣಕ್ಕಿಂತ ಸೂಚನೆಯ ಮೇಲೆ ಚರ್ಚೆ ನಡೆಯಬೇಕಿತ್ತು. ಸೋರಿಕೆ ವಾಸನೆ ಕೊಡುತ್ತದೆ. ವಯರು ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಮಂಕಾಗುವ ಲೈಟು, ಮತ್ತೆ ಮತ್ತೆ ಹೋಗುವ ಫ್ಯೂಸ್ ಕೊಡುತ್ತದೆ. ಸಾಮಾನ್ಯವಾಗಿ ಇವು ಬೆಂಕಿಗೆ ದಿನಗಟ್ಟಲೆ, ಎಷ್ಟೋ ಸಲ ವಾರಗಟ್ಟಲೆ ಮೊದಲೇ ಬರುತ್ತವೆ. ನಾವು ಕಿಟಕಿ ಇಳಿಸಿ ವಾಸನೆ ಕಳೆಯುತ್ತೇವೆ, ದೊಡ್ಡ ಫ್ಯೂಸ್ ಹಾಕಿ ಸುಮ್ಮನಾಗಿಸುತ್ತೇವೆ.

ಸೋರಿಕೆಯನ್ನು ಕಣ್ಣಲ್ಲಿ ಹಿಡಿಯಲು ಒಂದು ದಾರಿ ಇದೆ. ಪೆಟ್ರೋಲ್ ಬೇಗ ಆರುತ್ತದೆ, ನೆಲದಲ್ಲಿ ಕಲೆ ಉಳಿಯುವುದಿಲ್ಲ. ಆದರೆ ಹೋಸ್ ಮೇಲಿನ ಧೂಳನ್ನು ತೊಳೆಯುತ್ತದೆ. ಧೂಳು ಹಿಡಿದ ಹೋಸ್‌ನಲ್ಲಿ ಒಂದು ಕಡೆ ಮಾತ್ರ ಕಪ್ಪಾಗಿ, ತೊಳೆದಂತೆ ಕಂಡರೆ ಅಲ್ಲೇ ಹುಡುಕಬೇಕು. ಹುಳ ಕೊರೆದದ್ದಾದರೆ ತೂತಿನ ಬಾಯಲ್ಲಿ ನುಣ್ಣನೆಯ ಪುಡಿ ಇರಬಹುದು. ಬೆಳಗ್ಗೆ ಬಯಲಿನಲ್ಲಿ ನಿಲ್ಲಿಸಿ, ಬಾನೆಟ್ ತೆರೆದು, ಸ್ಟಾರ್ಟ್ ಮಾಡದೆ ಕೀಲಿಯನ್ನು ಆನ್‌ಗೆ ಮಾತ್ರ ತಿರುಗಿಸಿದರೆ ಪಂಪು ಎರಡು ಸೆಕೆಂಡು ಗುಂಯ್ ಎಂದು ಲೈನಿನಲ್ಲಿ ಒತ್ತಡ ತುಂಬಿಸುತ್ತದೆ. ತೂತಿದ್ದರೆ ಆಗ ಒದ್ದೆಯಾಗುತ್ತದೆ. ಮೊದಲೇ ಗಾಢ ವಾಸನೆ ಇದ್ದರೆ ಈ ಪರೀಕ್ಷೆ ಬೇಡ. ಕೀಲಿ ಮುಟ್ಟದೆ ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ. ತೂತಿಗೆ ಟೇಪು, ಅಂಟು ಯಾವುದೂ ನಿಲ್ಲುವುದಿಲ್ಲ. ಇಂಜೆಕ್ಷನ್ ಗಾಡಿಗೆಂದೇ ಮಾಡಿದ, ಆ ಒತ್ತಡ ತಡೆಯುವ ಹೋಸನ್ನೇ ಹೊಸ ಕ್ಲಿಪ್ಪಿನ ಜೊತೆ ಹಾಕಿಸಬೇಕು. ಮೀಟರ್ ಲೆಕ್ಕದಲ್ಲಿ ಸಿಗುವ ಮಾಮೂಲಿ ಪೈಪು ಸಲ್ಲದು.

ದಾರಿಯಲ್ಲಿ ಹೊಗೆ ಕಂಡರೆ

ಬಾನೆಟ್ ಸಂದಿಯಿಂದ ಹೊಗೆ, ಇಲ್ಲವೇ ಎಸಿ ಕಿಂಡಿಯಿಂದ ಸುಟ್ಟ ವಾಸನೆ ಬಂತು ಎನ್ನೋಣ. ಮುಂದಿನ ಬಂಕಿನವರೆಗೆ, ಊರಿನವರೆಗೆ ಹೋಗಿಬಿಡೋಣ ಎಂಬ ಯೋಚನೆಯೇ ದೊಡ್ಡ ತಪ್ಪು. ಎಂಜಿನ್ ಓಡುವಷ್ಟು ಹೊತ್ತೂ ಪಂಪು ಪೆಟ್ರೋಲ್ ಕಳಿಸುತ್ತಲೇ ಇರುತ್ತದೆ. ಎಂಜಿನ್ನಿಗೂ ಕಾರಿನೊಳಗಿಗೂ ನಡುವಿನ ತಗಡಿನಲ್ಲಿ ವಯರು, ಪೈಪು ಹಾದುಬರುವ ರಬ್ಬರಿನ ತೂತುಗಳಿವೆ. ಅವು ಕರಗಿದರೆ ಹೊಗೆ ಒಳಗೆ. ಕೆಲವೇ ನಿಮಿಷಗಳ ಲೆಕ್ಕ ಇದು.

ಎಡಕ್ಕೆ ತಂದು ನಿಲ್ಲಿಸಿ. ನಿಲ್ಲಿಸುವಾಗಲೇ ಬಾಗಿಲಿನ ಲಾಕ್ ತೆಗೆಯಿರಿ, ಆಮೇಲೆ ಕೀಲಿ ಆಫ್ ಮಾಡಿ. ಈ ಕ್ರಮಕ್ಕೆ ಕಾರಣ ಇದೆ. ಸೆಂಟ್ರಲ್ ಲಾಕ್ ನಡೆಯುವುದೂ ವಯರಿನಿಂದಲೇ. ವಯರು ಸುಟ್ಟ ಮೇಲೆ ಬಟನ್ ಒತ್ತಿ ಪ್ರಯೋಜನವಿಲ್ಲ. ಕಿಟಕಿಯೂ ಹಾಗೆಯೇ. ಬಟನ್ ಸ್ಟಾರ್ಟ್ ಗಾಡಿಯಾದರೆ ಗೇರ್ ಹಾಕಿಯೇ ಬಿಟ್ಟು ಇಳಿಯುವ ಗಡಿಬಿಡಿ ಬೇಡ. ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ನಿಂತದ್ದು ಖಾತ್ರಿಯಾಗಲಿ.

ಮೊದಲು ಹಿಂದಿನ ಸೀಟಿನವರನ್ನು ಇಳಿಸಿ. ಮಕ್ಕಳಿರುವ ಮನೆಯಲ್ಲಿ ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಹಾಕಿರುತ್ತಾರೆ. ಅದು ಹಾಕಿದ್ದರೆ ಒಳಗಿನಿಂದ ಎಷ್ಟು ಎಳೆದರೂ ತೆರೆಯುವುದಿಲ್ಲ, ಹೊರಗಿನವರೇ ತೆರೆಯಬೇಕು. ಹಿಂದೆ ಅಜ್ಜಿಯೋ ಚಿಕ್ಕಮ್ಮನೋ ಕೂತಿದ್ದರೆ ಅವರಿಗೆ ಇದು ಗೊತ್ತಿರುವುದಿಲ್ಲ.

ಬಾಗಿಲು ತೆರೆಯದಿದ್ದರೆ ಪಕ್ಕದ ಗಾಜು ಒಡೆಯಬೇಕು. ಮುಂದಿನ ದೊಡ್ಡ ಗಾಜಲ್ಲ. ಅದರ ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆ ಇದೆ, ಬಿರುಕು ಬಿಡುತ್ತದೆಯೇ ಹೊರತು ಬೀಳುವುದಿಲ್ಲ. ಪಕ್ಕದ ಗಾಜಿನ ನಡುವೆ ಗುದ್ದಿದರೆ ಕೈ ನೋವು ಅಷ್ಟೇ. ಮೂಲೆಗೆ, ಚೂಪು ಮೊನೆಯಿಂದ ಹೊಡೆದರೆ ಒಂದೇ ಏಟಿಗೆ ಪುಡಿಯಾಗುತ್ತದೆ. ಅದಕ್ಕೆಂದೇ ಇರುವ, ಬೆಲ್ಟ್ ಕತ್ತರಿಸುವ ಬ್ಲೇಡೂ ಇರುವ ಚಿಕ್ಕ ಸುತ್ತಿಗೆ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ಡಿಕ್ಕಿಯಲ್ಲಿ ಇಟ್ಟರೆ ಏನು ಬಂತು? ಡ್ರೈವರ್‌ನ ಕೈಗೆಟಕುವಲ್ಲಿ ಇರಬೇಕು.

ಇಳಿದ ಮೇಲೆ ಮೂವತ್ತು ಮೀಟರ್ ಆಚೆ, ಗಾಳಿ ಬೀಸಿ ಬರುವ ದಿಕ್ಕಿಗೆ, ಇಳಿಜಾರಾದರೆ ಮೇಲ್ಗಡೆಗೆ ಹೋಗಿ ನಿಲ್ಲಿ. ಸೋರಿದ ಪೆಟ್ರೋಲ್ ಇಳಿಜಾರಿಗೆ ಹರಿದುಬರುತ್ತದೆ. ಫೋನು, ಬ್ಯಾಗು, ಆರ್‌ಸಿ ತರಲು ವಾಪಸು ಹೋಗಬೇಡಿ. ಅಷ್ಟು ದೂರದಿಂದ 101ಕ್ಕೋ 112ಕ್ಕೋ ಕರೆ ಮಾಡಿ. ಗುಡ್ಡದ ಒಳದಾರಿಗಳಿಗೆ ಅಗ್ನಿಶಾಮಕ ಗಾಡಿ ಬರಲು ಹೊತ್ತು ಹಿಡಿಯುತ್ತದೆ, ಹಾಗಾಗಿ ಹತ್ತಿರದ ಶಾಲೆಯೋ ದೇವಸ್ಥಾನವೋ ಕವಲು ದಾರಿಯೋ ಗುರುತು ಹೇಳಿ. ನಡುವೆ ಠಪ್ ಎಂಬ ಸದ್ದು ಬಂದರೆ ಟ್ಯಾಂಕು ಸಿಡಿಯಿತು ಎಂದು ಗಾಬರಿಯಾಗಬೇಡಿ. ಹೆಚ್ಚಾಗಿ ಅದು ಟಯರು, ಇಲ್ಲವೇ ಬಾನೆಟ್, ಡಿಕ್ಕಿ ಎತ್ತಿಹಿಡಿಯುವ ಗ್ಯಾಸ್ ಕಡ್ಡಿ. ಹಾಗೆಂದು ಹತ್ತಿರ ಹೋಗುವುದೂ ಬೇಡ, ಆ ಕಡ್ಡಿ ಬಾಣದಂತೆ ಹಾರಬಹುದು.

ಬಾನೆಟ್ ಎತ್ತಬೇಡಿ

ಸುತ್ತ ಸೇರುವ ಜನ ಮೊದಲು ಹೇಳುವುದು "ಬಾನೆಟ್ ತೆರೀರಿ" ಎಂದು. ತೆರೆದರೆ ಆಗುವುದು ಇಷ್ಟು: ಗಾಳಿ ಸಾಲದೆ ಕುಂಟುತ್ತಿದ್ದ ಬೆಂಕಿಗೆ ಒಮ್ಮೆಲೇ ಗಾಳಿ ಸಿಕ್ಕಿ ಜ್ವಾಲೆ ಮುಖಕ್ಕೆ ಹಾರುತ್ತದೆ. ಕಾರಿನಲ್ಲಿ ಒಂದು ಕಿಲೋದ ಒಣ ಪುಡಿಯ ನಂದಿಸುವ ಸಿಲಿಂಡರ್ ಇದ್ದು, ಬೆಂಕಿ ಇನ್ನೂ ಚಿಕ್ಕದಿದ್ದರೆ ಮಾತ್ರ ಒಂದು ಪ್ರಯತ್ನ ಮಾಡಬಹುದು. ಒಳಗಿನ ಲಿವರ್ ಎಳೆದು ಬಾನೆಟನ್ನು ಒಂದು ಬೆರಳು ಸಂದಿಯಷ್ಟು ಮಾತ್ರ ಸಡಿಲಿಸಿ, ಆ ಸಂದಿಯೊಳಗೆ ಪುಡಿ ಬಿಡಬೇಕು. ಆ ಸಿಲಿಂಡರ್ ನಡೆಯುವುದು ಹತ್ತು ಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ಆರದಿದ್ದರೆ ಮನುಷ್ಯರ ಕೆಲಸ ಮುಗಿಯಿತು, ದೂರ ಹೋಗಬೇಕು. ಬಾಟಲಿ ನೀರು ಹೊಯ್ಯುವುದಂತೂ ಬೇಡವೇ ಬೇಡ. ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿಯನ್ನು ಇನ್ನಷ್ಟು ಜಾಗಕ್ಕೆ ಒಯ್ಯುತ್ತದೆ.

ಬ್ಯಾಟರಿ ಕಾರಾದರೆ ಈ ಪ್ರಯತ್ನವೂ ಬೇಡ. ಒಳಗೆ ಬಿಸಿ ಉಳಿದರೆ ಆರಿದಂತೆ ಕಂಡ ಬೆಂಕಿ ಗಂಟೆಗಳ ಮೇಲೂ ಮತ್ತೆ ಏಳುತ್ತದೆ.

ಸುಟ್ಟ ಮೇಲೆ ವಿಮೆ

ಮೂರನೇ ವ್ಯಕ್ತಿ ವಿಮೆ ಮಾತ್ರ ಇದ್ದರೆ ಸ್ವಂತ ಕಾರು ಸುಟ್ಟದ್ದಕ್ಕೆ ಒಂದು ರೂಪಾಯಿಯೂ ಬರುವುದಿಲ್ಲ. ಬೆಂಕಿ ಸೇರಿರುವುದು ಸ್ವಂತ ಹಾನಿಯ ಭಾಗದಲ್ಲಿ, ಅಂದರೆ ಜನ ಫುಲ್ ಇನ್ಶೂರೆನ್ಸ್ ಎನ್ನುವುದರಲ್ಲಿ. ಹಳೆಯ ಕಾರಿಗೆ ಯಾಕೆ ಎಂದು ಅದನ್ನೇ ಬಿಡುತ್ತಾರೆ. ಹುಳ, ಗಡುಸಾದ ಹೋಸ್, ಕಿಲುಬು ಹಿಡಿದ ಜಾಯಿಂಟು ಇರುವುದೂ ಹಳೆಯ ಕಾರಿನಲ್ಲೇ.

ಫುಲ್ ಇದ್ದರೂ ಸರ್ವೇಯರ್ ಮೊದಲು ನೋಡುವುದು ಬ್ಯಾಟರಿಯ ಸುತ್ತಲನ್ನು. ಕಂಪನಿ ಕೊಡದ ವಯರಿನ ತುಂಡು, ಹೊರಗಿನ ಫಿಟಿಂಗಿನ ಅವಶೇಷ ಸಿಕ್ಕರೆ ತಕರಾರು ಶುರು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಮಾಡಿದ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ ಎಂಬುದನ್ನೂ ಅವರು ಎತ್ತಬಹುದು. ಹಾಗಾಗಿ ಫಿಟಿಂಗ್ ಹಾಕಿಸಿದ್ದರೆ ಬಿಲ್ಲು ಇಟ್ಟುಕೊಳ್ಳಿ, ಪಾಲಿಸಿ ನವೀಕರಿಸುವಾಗ ಅದನ್ನು ಬರೆಸಿ. ಬೆಂಕಿ ಆರಿದ ಮೇಲೆ ಅಗ್ನಿಶಾಮಕ ಠಾಣೆಯಿಂದ ವರದಿ ಕೇಳಿ ಪಡೆಯಬೇಕು, ಪೊಲೀಸ್ ಠಾಣೆಯಲ್ಲಿ ದಾಖಲು ಮಾಡಿಸಬೇಕು. ಸರ್ವೇಯರ್ ಬಂದು ನೋಡುವವರೆಗೆ ಕಾರನ್ನು ಗುಜರಿಗೆ ಎತ್ತಿಸಬಾರದು, ವಯರು ಮುಟ್ಟಬಾರದು, ತೊಳೆಯಲೂ ಬಾರದು.